ಮೂಲೆ ಅಂಗಡಿಯ ಬೋರ್ಡನ್ನು ಫೋಟೋದಲ್ಲೇ ಬದಲಿಸುವುದು: ಪರ್ಸ್ಪೆಕ್ಟಿವ್ ವಾರ್ಪ್ ಮತ್ತು ಸ್ಮಾರ್ಟ್ ಆಬ್ಜೆಕ್ಟ್ ಬಳಸಿ ಸಮಗ್ರ ಮಾರ್ಗದರ್ಶಿ

ಬೋರ್ಡಿನ ಡಿಸೈನ್ ಸಿದ್ಧವಾದ ಮೇಲೆ ಅಂಗಡಿಯವರು ಕೇಳುವ ಮೊದಲ ಮಾತು, "ನಮ್ಮ ಅಂಗಡಿ ಮೇಲೆ ಹಾಕಿದ್ರೆ ಹ್ಯಾಂಗೆ ಕಾಣ್ತು, ತೋರ್ಸಿ." ಬಿಳಿ ಹಾಳೆಯ ಮೇಲಿನ ಡಿಸೈನ್ ನೋಡಿ ಯಾರಿಗೂ ಅಂದಾಜು ಸಿಗುವುದಿಲ್ಲ. ಅಂಗಡಿಯ ಫೋಟೋದಲ್ಲಿ ಹಳೆಯ ಬೋರ್ಡಿನ ಜಾಗಕ್ಕೆ ಹೊಸದನ್ನು ಕೂರಿಸಿ ತೋರಿಸಬೇಕು. ರಸ್ತೆಗೆ ನೇರವಾಗಿ ನಿಂತ ಬೋರ್ಡಾದರೆ ಇದು ಐದು ನಿಮಿಷದ ಕೆಲಸ. ಕಷ್ಟ ಬರುವುದು ಮೂಲೆ ಅಂಗಡಿಯಲ್ಲಿ. ಶಿರಸಿ ಪೇಟೆಯಂತಹ ಕಡೆ ದೊಡ್ಡ ರಸ್ತೆಗೆ ಒಂದು ಮುಖ, ಪಕ್ಕದ ಓಣಿಗೆ ಇನ್ನೊಂದು ಮುಖ ಮಾಡಿ ಮೂಲೆಯಲ್ಲಿ ತಿರುಗುವ ಬೋರ್ಡುಗಳು ಬೇಕಷ್ಟಿವೆ. ಒಂದೇ ಡಿಸೈನು ಲಗ್ನಪತ್ರಿಕೆಯ ಹಾಗೆ ನಡುವೆ ಮಡಚಿಕೊಂಡು ಎರಡು ದಿಕ್ಕಿಗೆ ಓಡಬೇಕು. ಫೋಟೋಶಾಪ್‌ನ ಪರ್ಸ್ಪೆಕ್ಟಿವ್ ವಾರ್ಪ್ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥಲ್ಲೇ, ಹಾಗಾಗಿ ಇಲ್ಲಿ ಅದನ್ನೇ ಮೊದಲಿಂದ ಕೊನೆಯವರೆಗೆ ಮಾಡೋಣ. ಲ್ಯಾಪ್‌ಟಾಪ್ ಪರದೆಯ ಫೋಟೋದಲ್ಲಿ ಬೇರೆ ಚಿತ್ರ ಕೂರಿಸುವ ವಿಚಾರ ಕೊನೆಗೆ ಬರುತ್ತದೆ. ಅದು ಒಂದೇ ಮುಖದ ಕೆಲಸ.

ಉದಾಹರಣೆಗೆ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ತೊಡೆದೇವು ಮಾರುವ ಒಂದು ಮೂಲೆ ಅಂಗಡಿ ಇದೆ ಎಂದುಕೊಳ್ಳಿ. ಬೋರ್ಡಿನ ಎತ್ತರ 3 ಅಡಿ. ದೊಡ್ಡ ರಸ್ತೆಯ ಕಡೆ 12 ಅಡಿ ಉದ್ದ, ಓಣಿಯ ಕಡೆ 6 ಅಡಿ. ಬಿಡಿಸಿ ಹಾಸಿದರೆ ಒಟ್ಟು 18 ಅಡಿಗೆ 3 ಅಡಿ. ಈ ಅಳತೆಯನ್ನು ಟೇಪ್ ಹಿಡಿದೇ ತೆಗೆದುಕೊಳ್ಳಿ. ಹೇಗೂ ಫ್ಲೆಕ್ಸ್ ಹೊಡೆಸಲು ಅದು ಬೇಕೇ ಬೇಕು. ಫೋಟೋ ನೋಡಿ ಊಹಿಸಿದ ಅಳತೆಯಲ್ಲಿ ಡಿಸೈನ್ ಮಾಡಿದರೆ ಅಕ್ಷರಗಳು ಎಳೆದಂತೆಯೋ ಒತ್ತಿದಂತೆಯೋ ಕಾಣುತ್ತವೆ, ಆಮೇಲೆ ಎಲ್ಲಿ ತಪ್ಪಾಯಿತೆಂದು ಹುಡುಕುವುದೇ ಕಷ್ಟ.

ಫೋಟೋ ತೆಗೆಯುವಾಗಲೇ ಅರ್ಧ ಕೆಲಸ

ಮೊಬೈಲಿನ 0.5x ಲೆನ್ಸ್ ಬೇಡ. ಅದು ಉದ್ದನೆಯ ನೇರ ಅಂಚನ್ನು ಬಿಲ್ಲಿನಂತೆ ಬಾಗಿಸುತ್ತದೆ. ವಾರ್ಪ್‌ನ ಅಂಚು ಮಾತ್ರ ಮೂಲೆಗಳನ್ನು ಹಿಡಿದು ಎಳೆಯುವ ಎರಡು ಪಿನ್‌ಗಳ ನಡುವೆ ನೇರ ಗೆರೆ. ತುದಿಗಳಲ್ಲಿ ಸರಿಯಾಗಿ ಕೂರಿಸಿದರೂ ನಡುವೆ ಹಳೆಯ ಬೋರ್ಡು ಇಣುಕುತ್ತದೆ. 1x ನಲ್ಲೇ ಇಟ್ಟು ಎದುರಿನ ಬದಿಗೆ ಸರಿದು ನಿಲ್ಲಿ. ಬೋರ್ಡು ಮೇಲಿದೆ ಎಂದು ಫೋನನ್ನು ಮೇಲಕ್ಕೆ ವಾಲಿಸಬೇಡಿ, ನೆಟ್ಟಗೆ ಹಿಡಿಯಿರಿ. ಬೋರ್ಡು ಚಿತ್ರದ ಮೇಲರ್ಧದಲ್ಲಿ ಬಂದು ಕೆಳಗೆ ರಸ್ತೆ ತುಂಬಿಕೊಂಡರೂ ಅಡ್ಡಿಯಿಲ್ಲ, ಅದನ್ನು ಆಮೇಲೆ ಕತ್ತರಿಸಬಹುದು. ಫೋನ್ ವಾಲಿದರೆ ಗೋಡೆಯ ಲಂಬ ಗೆರೆಗಳು ಮೇಲಕ್ಕೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ, ಮುಂದೆ ಹೇಳುವ ಅಳತೆಯ ಲೆಕ್ಕ ಆಗ ಕೈಕೊಡುತ್ತದೆ.

ಬಿಸಿಲಿನ ವಿಚಾರದಲ್ಲಿ ನನ್ನ ಆಯ್ಕೆ ಮೋಡದ ಹೊತ್ತು. ಕಾರವಾರದ ಕಡಲ ಬದಿಯ ಮಧ್ಯಾಹ್ನದಲ್ಲಿ ಹಳೆಯ ಫ್ಲೆಕ್ಸ್ ಮೇಲೆ ಬಿಳಿಯ ಹೊಳಪು ಬಿದ್ದಿರುತ್ತದೆ. ಅದರ ನೆರಳು ಬೆಳಕನ್ನು ಹೊಸ ಬೋರ್ಡಿಗೆ ಹೊಂದಿಸುವುದು ಬೇಡದ ದುಡಿಮೆ. ಎರಡೂ ಮುಖಗಳ ಮೇಲೆ ನೇರ ಬಿಸಿಲಿಲ್ಲದ ಹೊತ್ತಿನಲ್ಲಿ ತೆಗೆದರೆ ಕೆಲಸ ತುಂಬ ಹಗುರಾಗುತ್ತದೆ.

ಫೋಟೋ ತೆರೆದ ಕೂಡಲೇ ಬೋರ್ಡಿನ ಮೇಲಂಚಿನ ಉದ್ದಕ್ಕೂ ತುದಿಯಿಂದ ತುದಿಗೆ ಒಂದು ಗೆರೆ ಎಳೆದು ನೋಡಿ. ಅಂಚು ಗೆರೆಯಿಂದ 3-4 ಪಿಕ್ಸೆಲ್‌ಗಿಂತ ಹೆಚ್ಚು ಉಬ್ಬಿದ್ದರೆ Filter > Lens Correction ನಲ್ಲಿ ಮೊದಲು ಅದನ್ನು ನೇರ ಮಾಡಿ. ಈ ತಿದ್ದುಪಡಿ ವಾರ್ಪ್‌ಗಿಂತ ಮೊದಲೇ ಆಗಬೇಕು. ಆಮೇಲೆ ಮಾಡಿದರೆ ಕೂರಿಸಿದ ಬೋರ್ಡು ಒಂದು ಕಡೆ, ಗೋಡೆ ಇನ್ನೊಂದು ಕಡೆ.

ಫೋಟೋದಲ್ಲಿ ಬೋರ್ಡನ್ನು ಅಳೆಯುವುದು

ರೂಲರ್ ಟೂಲ್ ತೆಗೆದುಕೊಂಡು ಐದು ಅಳತೆ ಬರೆದುಕೊಳ್ಳಿ. 4000 × 3000 ಪಿಕ್ಸೆಲ್‌ನ ಫೋಟೋದಲ್ಲಿ, ಮೂಲೆಯಿಂದ ಸುಮಾರು 17 ಅಡಿ ದೂರ ನಿಂತು ತೆಗೆದಾಗ ಸಿಗುವಂಥ ಸಂಖ್ಯೆಗಳನ್ನೇ ಇಲ್ಲಿ ಇಟ್ಟುಕೊಂಡಿದ್ದೇನೆ. ಮೂಲೆಯ ಲಂಬ ಅಂಚು ನಮಗೆ ತೀರ ಹತ್ತಿರ, ಅದರ ಎತ್ತರ 520 ಪಿಕ್ಸೆಲ್. ದೊಡ್ಡ ರಸ್ತೆಯ ಕಡೆಯ ದೂರದ ತುದಿಯಲ್ಲಿ ಎತ್ತರ 350. ಓಣಿಯ ಕಡೆಯ ತುದಿಯಲ್ಲಿ 410. ಅಡ್ಡಳತೆಯಲ್ಲಿ ಉದ್ದ ಮುಖ 1050, ಗಿಡ್ಡ ಮುಖ 545.

ಈ ಅಳತೆಗಳು ಎರಡು ಕೆಲಸಕ್ಕೆ ಬೇಕು. ಮೊದಲನೆಯದು ಡಿಸೈನಿನ ಗಾತ್ರ. ಹತ್ತಿರದ ಅಂಚು 520 ಪಿಕ್ಸೆಲ್ ಇದ್ದಾಗ ಡಿಸೈನಿನ ಎತ್ತರ ಅದಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ 600 ಇದ್ದರೆ ಸಾಕು. ಅಡಿಗೆ 200 ಪಿಕ್ಸೆಲ್ ಲೆಕ್ಕದಲ್ಲಿ 18 × 3 ಅಡಿ ಎಂದರೆ 3600 × 600. ಅದಕ್ಕಿಂತ ಚಿಕ್ಕದು ಮಾಡಿದರೆ ಹತ್ತಿರದ ಅಕ್ಷರ ಮಸುಕಾಗುತ್ತದೆ. ಫ್ಲೆಕ್ಸ್‌ಗೆ ಹೊಡೆಯುವ ದೊಡ್ಡ ಫೈಲನ್ನೇ ತಂದು ತುರುಕಿದರೆ ಅದೂ ಕೆಡುಕೇ. ಹಲವು ಪಟ್ಟು ಕುಗ್ಗುವಾಗ ಒತ್ತಕ್ಷರದ ತೆಳುಗೆರೆಗಳು ಹರಿದು, ದೂರದ ತುದಿಯಲ್ಲಿ ಅಕ್ಷರಗಳ ಅಂಚು ಹಲ್ಲು ಹಲ್ಲಾಗುತ್ತದೆ.

ಎರಡನೆಯದು ಇಡೀ ಕೆಲಸದ ಕೀಲಿ. ನಿಜದ ಬೋರ್ಡಿನಲ್ಲಿ 6ನೇ ಅಡಿ ನಟ್ಟನಡುವೆ ಇರುತ್ತದೆ, ಆದರೆ ಫೋಟೋದಲ್ಲಿ ಅದು ನಟ್ಟನಡುವೆ ಕಾಣುವುದಿಲ್ಲ. ಹತ್ತಿರದ ಅರ್ಧ ಹೆಚ್ಚು ಜಾಗ ಹಿಡಿಯುತ್ತದೆ, ದೂರದ ಅರ್ಧ ಕಡಿಮೆ. ಎಷ್ಟು ಎಂಬುದಕ್ಕೆ ಸರಳ ಲೆಕ್ಕ ಇದೆ:

```
ನಡುಗೆರೆ = ಅಡ್ಡಳತೆ × ಹತ್ತಿರದ ಎತ್ತರ ÷ (ಹತ್ತಿರದ ಎತ್ತರ + ದೂರದ ಎತ್ತರ)
ಉದ್ದ ಮುಖ: 1050 × 520 ÷ (520 + 350) = 628
ಗಿಡ್ಡ ಮುಖ: 545 × 520 ÷ (520 + 410) = 305
```

ಎರಡೂ ಮೂಲೆಯ ಅಂಚಿನಿಂದ ಎಣಿಸಿದ ದೂರ. ಉದ್ದ ಮುಖದ ನಡು 525ರಲ್ಲಿ ಬಿದ್ದರೆ ಬೋರ್ಡು ಅಂಟಿಸಿದ ಸ್ಟಿಕರಿನಂತೆ ಕಾಣುತ್ತದೆ. 628ರಲ್ಲಿ ಬಿದ್ದರೆ ಗೋಡೆಯ ಜೊತೆ ಓಡುತ್ತದೆ. ಇದೇ ಅಂಗಡಿಯಲ್ಲಿ ಮೂಲೆಯ ಪಕ್ಕದ ಮೊದಲ ಅಡಿ ಸುಮಾರು 125 ಪಿಕ್ಸೆಲ್ ಅಗಲ ಇದ್ದರೆ, ದೂರದ ತುದಿಯ ಕೊನೆಯ ಅಡಿ ಬರೀ 60. ನೋಡುವವರಿಗೆ ಲೆಕ್ಕ ಗೊತ್ತಿಲ್ಲದಿದ್ದರೂ ಏನೋ ಸರಿಯಿಲ್ಲ ಎಂದು ಕಣ್ಣಿಗೆ ತಿಳಿಯುತ್ತದೆ. ಲೆಕ್ಕ ಬೇಡವೆಂದರೆ ಮುಖದ ನಾಲ್ಕು ಮೂಲೆಗಳ ನಡುವೆ ಕರ್ಣಗಳನ್ನು ಎಳೆಯಿರಿ. ಅವು ಕೂಡುವ ಬಿಂದುವೇ ನಿಜವಾದ ನಡು. ಫೋನ್ ವಾಲಿದ್ದರೂ ಈ ಕರ್ಣದ ವಿಧಾನ ತಪ್ಪುವುದಿಲ್ಲ. ಎರಡೂ ನಡುಗೆರೆಗಳಿಗೆ ಒಂದೊಂದು ಗೈಡ್ ಹಾಕಿಡಿ.

ಸ್ಮಾರ್ಟ್ ಆಬ್ಜೆಕ್ಟ್ ತಯಾರಿ

ಡಿಸೈನ್ ಫೈಲನ್ನು ನೇರವಾಗಿ ಫೋಟೋದ ಮೇಲೆ ಎಳೆದು ಹಾಕುವ ಬದಲು, ಫೋಟೋದೊಳಗೇ ಖಾಲಿ ಹಲಗೆಯೊಂದನ್ನು ಮಾಡಿಕೊಳ್ಳುವುದು ಒಳ್ಳೆಯದು. ಹೊಸ ಲೇಯರ್ ತೆಗೆಯಿರಿ. ಆಯತದ ಮಾರ್ಕೀ ಟೂಲ್‌ನಲ್ಲಿ Style ಎಂಬಲ್ಲಿ Fixed Size ಆರಿಸಿ 3600 px ಮತ್ತು 600 px ಕೊಡಿ, ಚಿತ್ರದ ಒಳಗೆ ಪೂರ್ತಿ ಬರುವಂತೆ ಕ್ಲಿಕ್ ಮಾಡಿ, ಬೂದು ಬಣ್ಣ ತುಂಬಿ. ಆಯ್ಕೆ ಬಿಡಿಸಿ Layer > Smart Objects > Convert to Smart Object ಒತ್ತಿ. ಈಗ ಲೇಯರಿನ ಚಿಕ್ಕ ಚಿತ್ರದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸರಿಯಾಗಿ 3600 × 600 ಅಳತೆಯ .psb ಫೈಲೊಂದು ತೆರೆದುಕೊಳ್ಳುತ್ತದೆ. ಅಳತೆ ನಮ್ಮ ಕೈಯಲ್ಲೇ ಉಳಿಯುವುದು ಇದರ ಲಾಭ.

ಆ .psb ಒಳಗೆ ಮೊದಲು ಡಿಸೈನ್ ಹಾಕಬೇಡಿ, ಜಾಲರಿ ಹಾಕಿ. ಪ್ರತಿ 200 ಪಿಕ್ಸೆಲ್‌ಗೆ ಒಂದು ಲಂಬ ಗೆರೆ ಮತ್ತು ಅಡ್ಡ ಗೆರೆ, ಅಂದರೆ ಅಡಿಗೊಂದು ಚೌಕ. 2400ರಲ್ಲಿ, ಅಂದರೆ 12ನೇ ಅಡಿಯಲ್ಲಿ, ಕೆಂಪು ಗೆರೆ. ಇದೇ ಮೂಲೆಯ ಮಡಿಕೆ. ಉದ್ದ ಮುಖದ ನಡು 1200ರಲ್ಲಿ ಮತ್ತು ಗಿಡ್ಡ ಮುಖದ ನಡು 3000ರಲ್ಲಿ ನೀಲಿ ಗೆರೆ. ಉದ್ದ ಮುಖ ಎಡಕ್ಕಿದೆ ಎಂಬ ಲೆಕ್ಕ ಇದು. ಬಲಕ್ಕಿದ್ದರೆ ಮಡಿಕೆ 1200ಕ್ಕೆ ಬರುತ್ತದೆ, ನಡುಗೆರೆಗಳು 600 ಮತ್ತು 2400ಕ್ಕೆ. Ctrl+S ಒತ್ತಿ ಮುಚ್ಚಿ. ಇಲ್ಲಿ Save As ಒತ್ತಿ ಬೇರೆ ಜಾಗದಲ್ಲಿ ಉಳಿಸಿದರೆ ಫೋಟೋದಲ್ಲಿ ಏನೂ ಬದಲಾಗುವುದಿಲ್ಲ. ಹೊಸಬರು ತುಂಬ ಹೊತ್ತು ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ಜಾಲರಿಗೆ ಇಷ್ಟು ಮಹತ್ವ ಯಾಕೆಂದರೆ ಅಕ್ಷರಗಳ ಮೇಲೆ ಸಣ್ಣ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಚೌಕದ ಮೇಲೆ ತಕ್ಷಣ ಬೀಳುತ್ತದೆ. ಜಾಲರಿ ಸರಿ ಕೂತರೆ ಅದೇ ಜಾಗಕ್ಕೆ ಯಾವ ಡಿಸೈನ್ ಹಾಕಿದರೂ ಸರಿ ಕೂರುತ್ತದೆ.

ಎರಡು ಮುಖಗಳನ್ನು ಮಡಚುವುದು

ಫೋಟೋದಲ್ಲಿ ಸ್ಮಾರ್ಟ್ ಆಬ್ಜೆಕ್ಟ್ ಲೇಯರಿನ ಅಪಾಸಿಟಿಯನ್ನು 60%ಗೆ ಇಳಿಸಿ, ಕೆಳಗಿನ ಬೋರ್ಡು ಕಾಣಲಿ. ಮೊದಲೇ ಇಳಿಸಿಕೊಳ್ಳಿ, ಆಮೇಲೆ Edit > Perspective Warp. ಈ ಸೌಲಭ್ಯ ಬಂದದ್ದು 2014ರಲ್ಲಿ, ಫೋಟೋಶಾಪ್ ಸಿಸಿ ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಸಿಎಸ್6 ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಹೊಸ ಆವೃತ್ತಿಯಲ್ಲೂ ಹೆಸರು ಮಂಕಾಗಿದ್ದರೆ Preferences > Performance ಒಳಗೆ Use Graphics Processor ಗುರುತು ಹಾಕಿದೆಯೇ ನೋಡಿ. ಗ್ರಾಫಿಕ್ಸ್ ಕಾರ್ಡಿನ ನೆರವಿಲ್ಲದೆ ಇದು ನಡೆಯುವುದಿಲ್ಲ.

ಒಳಗೆ ಹೋದಾಗ ಮೊದಲು ಇರುವುದು ಲೇಔಟ್ ಹಂತ. ಇಲ್ಲಿ ಡಿಸೈನಿನ ಮೇಲೆ ಮುಖಗಳನ್ನು ಗುರುತಿಸುವುದಷ್ಟೇ ಕೆಲಸ, ಏನೂ ಬಾಗುವುದಿಲ್ಲ. ಜಾಲರಿಯ ಎಡತುದಿಯಿಂದ ಕೆಂಪು ಗೆರೆಯವರೆಗೆ ಎಳೆದು ಒಂದು ಚೌಕಟ್ಟು ಮಾಡಿ. ಕೆಂಪು ಗೆರೆಯ ಹತ್ತಿರದಿಂದ ಬಲತುದಿಯವರೆಗೆ ಇನ್ನೊಂದನ್ನು ಎಳೆಯಿರಿ. ಎರಡನೆಯದರ ಅಂಚು ಮೊದಲನೆಯದಕ್ಕೆ ತೀರ ಹತ್ತಿರ ಬಂದಾಗ ಎರಡೂ ಅಂಟಿಕೊಂಡು ಒಂದೇ ಅಂಚಾಗುತ್ತವೆ. ಅಂಟಿದೆಯೋ ಇಲ್ಲವೋ ತಿಳಿಯಲು ಮಡಿಕೆಯ ಪಿನ್ ಒಂದನ್ನು ಸ್ವಲ್ಪ ಅಲುಗಾಡಿಸಿ. ಎರಡೂ ಚೌಕಟ್ಟು ಒಟ್ಟಿಗೆ ಅಲುಗಿದರೆ ಅಂಟಿದೆ. ಒಂದೇ ಅಲುಗಿದರೆ ಮಡಿಕೆಯಲ್ಲಿ ಸೀಳು ಬೀಳುತ್ತದೆ, ಅದನ್ನು ತೆಗೆದು ಮತ್ತೆ ಎಳೆಯಿರಿ.

ಈಗ ಒಟ್ಟು ಆರು ಪಿನ್‌ಗಳಿವೆ. ಚಿತ್ರವನ್ನು ದೊಡ್ಡದು ಮಾಡಿಕೊಂಡು ಪ್ರತಿಯೊಂದನ್ನೂ ಹಲಗೆಯ ಅಂಚಿಗೆ ಸರಿಯಾಗಿ ತಂದು ಕೂರಿಸಿ. ಪಿನ್ ಒಳಗೆ ಉಳಿದರೆ ಹೊರಗುಳಿದ ಭಾಗವೂ ಜೊತೆಗೇ ಬಾಗಿ ಬೋರ್ಡಿನ ಆಚೆ ಗೋಡೆಯ ಮೇಲೆ ಚಾಚಿಕೊಳ್ಳುತ್ತದೆ. ಪಿನ್ ಹೊರಗೆ ಹೋದರೆ ಹಲಗೆಯ ಅಂಚು ಬೋರ್ಡಿನ ಅಂಚಿಗೆ ಮುಟ್ಟುವುದೇ ಇಲ್ಲ. ಈ ಹಂತಕ್ಕೆ ಹತ್ತು ನಿಮಿಷ ಕೊಟ್ಟರೂ ನಷ್ಟವಿಲ್ಲ.

W ಒತ್ತಿದರೆ ವಾರ್ಪ್ ಹಂತ. ಮೊದಲು ಮಡಿಕೆಯ ಎರಡು ಪಿನ್‌ಗಳನ್ನು ಫೋಟೋದ ಮೂಲೆಯ ಅಂಚಿಗೆ ಒಯ್ಯಿರಿ, ಆಮೇಲೆ ಉದ್ದ ಮುಖದ ತುದಿ, ಕೊನೆಗೆ ಗಿಡ್ಡ ಮುಖದ ತುದಿ. ಹೊರಗಿನ ಪಿನ್‌ಗಳಿಂದ ಶುರು ಮಾಡಿದರೆ ನಡುವೆ ಚಿತ್ರ ವಿಪರೀತ ಮುದುಡಿಕೊಂಡು ಎಲ್ಲಿ ಏನಿದೆ ಎಂದೇ ತಿಳಿಯದಂತಾಗುತ್ತದೆ. ಮೌಸ್‌ನಿಂದ ಹತ್ತಿರ ತಂದು, ಕೊನೆಯ ಒಂದೆರಡು ಪಿಕ್ಸೆಲ್‌ಗೆ ಬಾಣದ ಕೀಲಿಗಳನ್ನು ಬಳಸಿ. H ಒತ್ತಿದರೆ ವಾರ್ಪ್‌ನ ಗೆರೆಗಳು ಮರೆಯಾಗಿ ಕೆಳಗಿನ ಚಿತ್ರ ಸ್ಪಷ್ಟ ಕಾಣುತ್ತದೆ. ಎಲ್ಲೋ ಲೇಔಟ್ ತಪ್ಪಿದೆ ಎನಿಸಿದರೆ L ಒತ್ತಿ ಹಿಂದಿನ ಹಂತಕ್ಕೆ ಹೋಗಬಹುದು. ಮೇಲಿನ ಪಟ್ಟಿಯಲ್ಲಿರುವ ತಾನೇ ನೇರ ಮಾಡುವ ಬಟನ್‌ಗಳು ಇಡೀ ಕಟ್ಟಡದ ಫೋಟೋ ತಿದ್ದಲು ಇರುವಂಥವು. ಇಲ್ಲಿ ಅವುಗಳನ್ನು ಮುಟ್ಟಬೇಡಿ.

ಬೋರ್ಡಿಗೆ ಕಬ್ಬಿಣದ ಪಟ್ಟಿಯ ಅಂಚು ಇದ್ದು ಅದು ಹೊಸ ಬೋರ್ಡಿನಲ್ಲೂ ಉಳಿಯುವುದಾದರೆ ಪಿನ್‌ಗಳನ್ನು ಪಟ್ಟಿಯ ಒಳಗಂಚಿಗೆ ಇಡಿ. ಫೋಟೋದ ನಿಜವಾದ ತುಕ್ಕು, ದಪ್ಪ, ನೆರಳು ಎಲ್ಲ ಪುಕ್ಕಟೆ ಸಿಗುತ್ತವೆ. ಪಟ್ಟಿ ಇಲ್ಲದಿದ್ದರೆ ಹಳೆಯ ಬಣ್ಣ ಇಣುಕದಂತೆ ಒಂದು ಪಿಕ್ಸೆಲ್ ಹೊರಗೆ ಇಡಿ.

Enter ಒತ್ತಿದ ಮೇಲೆ ಲೇಯರಿನ ಕೆಳಗೆ ಸ್ಮಾರ್ಟ್ ಫಿಲ್ಟರ್ ಆಗಿ Perspective Warp ಎಂಬ ಹೆಸರು ಕಾಣುತ್ತದೆ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದೇ ಆರು ಪಿನ್‌ಗಳು ಮತ್ತೆ ಸಿಗುತ್ತವೆ. ಹೆಸರು ಕಾಣದಿದ್ದರೆ ಲೇಯರ್ ಸ್ಮಾರ್ಟ್ ಆಬ್ಜೆಕ್ಟ್ ಆಗಿರಲಿಲ್ಲ ಎಂದರ್ಥ. ಆಗ ಬಾಗಿದ್ದು ಪಿಕ್ಸೆಲ್‌ಗಳೇ, ತಿದ್ದಲು ದಾರಿಯಿಲ್ಲ, ಹಿಂದೆ ಹೋಗಿ ಪರಿವರ್ತಿಸಿ ಮತ್ತೆ ಮಾಡಿ. ಇಲ್ಲಿಂದ ಮುಂದೆ ಈ ಲೇಯರನ್ನು Ctrl+T ಒತ್ತಿ ಹಿಗ್ಗಿಸುವುದು ಕುಗ್ಗಿಸುವುದು ಬೇಡ. ಬದಲಾವಣೆ ಬೇಕಿದ್ದರೆ ಪಿನ್‌ಗಳ ಮೂಲಕವೇ ಮಾಡಿ.

ನಡುಗೆರೆಯ ಪರೀಕ್ಷೆ

ಮೊದಲೇ ಹಾಕಿಟ್ಟ ಗೈಡ್‌ಗಳನ್ನು ಈಗ ನೋಡಿ. ಉದ್ದ ಮುಖದ ನೀಲಿ ಗೆರೆ ಮೂಲೆಯಿಂದ 628 ಪಿಕ್ಸೆಲ್ ದೂರದ ಗೈಡಿನ ಮೇಲೆ ಬರಬೇಕು, ಗಿಡ್ಡ ಮುಖದ್ದು 305ರ ಮೇಲೆ. ಹತ್ತು ಪಿಕ್ಸೆಲ್ ಒಳಗಿನ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಮೊದಲು ಲೇಔಟಿನ ಪಿನ್‌ಗಳು ಕೆಂಪು ಗೆರೆ ಮತ್ತು ಅಂಚುಗಳ ಮೇಲೇ ಇವೆಯೇ ಎಂದು, Perspective Warp ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ L ಒತ್ತಿ ನೋಡಿ. ಬಹುತೇಕ ತಪ್ಪು ಅಲ್ಲೇ ಇರುತ್ತದೆ. ಪಿನ್‌ಗಳೆಲ್ಲ ಸರಿಯಿದ್ದೂ ಗೆರೆ ದೂರ ಬಿದ್ದರೆ ಹಠ ಹಿಡಿಯದೆ ಇನ್ನೊಂದು ದಾರಿ ಹಿಡಿಯುವುದು ಮೇಲು.

ಆ ದಾರಿ ಹೀಗೆ. ವಾರ್ಪ್ ಫಿಲ್ಟರನ್ನು ಅಳಿಸಿ. ಸ್ಮಾರ್ಟ್ ಆಬ್ಜೆಕ್ಟನ್ನು Ctrl+J ಒತ್ತಿ ನಕಲು ಮಾಡಿ. ಹೀಗೆ ಮಾಡಿದ ಎರಡೂ ಲೇಯರ್‌ಗಳ ಹಿಂದೆ ಇರುವುದು ಒಂದೇ .psb. ಒಳಗೆ ಡಿಸೈನ್ ಬದಲಿಸಿದರೆ ಎರಡೂ ಕಡೆ ಬದಲಾಗುತ್ತದೆ. New Smart Object via Copy ಒತ್ತಿದರೆ ಮಾತ್ರ ಸಂಬಂಧ ಕಡಿಯುತ್ತದೆ, ಅದು ಇಲ್ಲಿ ಬೇಡ. ಒಂದು ಲೇಯರಿಗೆ Edit > Transform > Distort ಬಳಸಿ 0 ರಿಂದ 12ನೇ ಅಡಿಯವರೆಗಿನ ಭಾಗ ಉದ್ದ ಮುಖದ ಮೇಲೆ ಸರಿಯಾಗಿ ಬರುವಂತೆ ನಾಲ್ಕು ಮೂಲೆಗಳನ್ನು ಎಳೆಯಿರಿ. ಉಳಿದ ಭಾಗ ಮೂಲೆಯಿಂದಾಚೆ ಗಾಳಿಯಲ್ಲಿ ಚಾಚಿಕೊಳ್ಳುತ್ತದೆ, ಅದನ್ನು ಮಾಸ್ಕ್ ಹಾಕಿ ಮುಚ್ಚಿ. ಇನ್ನೊಂದು ಲೇಯರಿಗೆ ಗಿಡ್ಡ ಮುಖ. Distort ಒಂದೊಂದು ಮುಖವನ್ನು ಬೇರೆಯಾಗಿ, ಶುದ್ಧ ದೃಷ್ಟಿಕೋನದ ಲೆಕ್ಕದಲ್ಲಿ ಬಾಗಿಸುವುದರಿಂದ ನಡುಗೆರೆ ಸರಿಯಾದ ಜಾಗಕ್ಕೇ ಬರುತ್ತದೆ. ಮೂಲೆಗಳನ್ನು ಹೊಂದಿಸುವ ಶ್ರಮ ಹೆಚ್ಚು, ಮಡಿಕೆಯಲ್ಲಿ ಎರಡು ಅಂಚುಗಳನ್ನು ಕೂಡಿಸುವ ತಲೆನೋವೂ ಇದೆ. ಅದಕ್ಕೇ ಇದು ಎರಡನೆಯ ಆಯ್ಕೆ.

ಡಿಸೈನ್ ಒಳಗೆ ಇಡುವುದು

ಲೇಯರಿನ ಅಪಾಸಿಟಿಯನ್ನು 100%ಗೆ ಏರಿಸಿ, ಮತ್ತೆ .psb ತೆರೆದು ಜಾಲರಿಯ ಲೇಯರನ್ನು ಮರೆಮಾಡಿ. ಅಳಿಸಬೇಡಿ, ಮುಂದೆ ಬೇಕಾಗುತ್ತದೆ. ಫ್ಲೆಕ್ಸ್ ಅಂಗಡಿಯವರು ಸಾಮಾನ್ಯವಾಗಿ ಕೋರೆಲ್‌ಡ್ರಾದಲ್ಲಿ ಕೆಲಸ ಮಾಡುತ್ತಾರೆ. ಅವರಿಂದ ಅಕ್ಷರಗಳನ್ನು ಕರ್ವ್ ಮಾಡಿದ ಪಿಡಿಎಫ್ ಕೇಳಿ ಪಡೆದು File > Place Embedded ಮೂಲಕ ಒಳಗೆ ಇಡಿ. ಫೋಟೋಶಾಪ್‌ನಲ್ಲೇ ಕನ್ನಡ ಟೈಪ್ ಮಾಡುವುದಾದರೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ World-Ready ಎಂದು ಶುರುವಾಗುವ ಆಯ್ಕೆ ಇರಬೇಕು. ಇಲ್ಲದಿದ್ದರೆ "ಅಪ್ಪೆಮಿಡಿ"ಯ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದಿರುತ್ತದೆ. ಬೋರ್ಡಿನ ವಿನ್ಯಾಸದಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ 60% ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕು. ಜಾಲರಿಯನ್ನು ಒಂದು ಸಲ ಮೇಲೆ ತಂದು ಚೌಕಗಳನ್ನು ಎಣಿಸಿದರೆ ಅದನ್ನೂ ಇಲ್ಲೇ ಖಾತ್ರಿ ಮಾಡಿಕೊಳ್ಳಬಹುದು.

ಕೆಂಪು ಗೆರೆಯ ಎರಡೂ ಬದಿಗೆ 70 ಪಿಕ್ಸೆಲ್, ಅಂದರೆ ಸುಮಾರು ನಾಲ್ಕು ಇಂಚು, ಖಾಲಿ ಬಿಡಿ. ಅಕ್ಷರವೊಂದು ಮಡಿಕೆಯ ಮೇಲೆ ಬಂದರೆ ಎರಡೂ ರಸ್ತೆಯಿಂದ ಅರ್ಧರ್ಧ ಕಾಣುತ್ತದೆ. ಹಾಗೆಯೇ ಅಂಗಡಿಯ ಹೆಸರು ಉದ್ದ ಮುಖದ ದೂರದ ತುದಿಗೆ ಹೋಗದಿರಲಿ. ಅಲ್ಲಿ ಅಡಿಗೆ 60 ಪಿಕ್ಸೆಲ್ ಮಾತ್ರ ಉಳಿದಿರುವುದರಿಂದ ಫೋಟೋದಲ್ಲಿ ಓದಲಾಗುವುದಿಲ್ಲ, ಓಣಿಯ ಬಾಯಲ್ಲಿ ನಿಂತ ಗಿರಾಕಿಗೂ ಓದಲಾಗುವುದಿಲ್ಲ.

ತಂತಿ, ಕೊಂಬೆ, ತಗಡಿನ ಮಾಡು

ನಮ್ಮ ಪೇಟೆಗಳಲ್ಲಿ ಯಾವ ಬೋರ್ಡಿನ ಮುಂದೂ ಏನಾದರೊಂದು ಇದ್ದೇ ಇರುತ್ತದೆ. ಸ್ಮಾರ್ಟ್ ಆಬ್ಜೆಕ್ಟನ್ನು Ctrl+G ಒತ್ತಿ ಒಂದು ಗುಂಪಿಗೆ ಸೇರಿಸಿ, ಮಾಸ್ಕನ್ನು ಆ ಗುಂಪಿಗೆ ಹಾಕಿ. ಫಿಲ್ಟರ್ ಪಕ್ಕದ ಬಿಳಿ ಚೌಕಕ್ಕೆ ಬಣ್ಣ ಬಳಿದರೆ ಮರೆಯಾಗುವುದು ವಾರ್ಪ್, ಬೋರ್ಡಲ್ಲ. ಗುಂಪಿನ ಮಾಸ್ಕ್ ಆದರೆ ಒಳಗೆ ಪಿನ್‌ಗಳು ಎಷ್ಟು ಸಲ ಸರಿದರೂ ಅಲ್ಲೇ ನಿಲ್ಲುತ್ತದೆ.

ಮಳೆಗೆ ಇಳಿಬಿಟ್ಟ ತಗಡಿನ ಮಾಡಿನ ಅಂಚು, ಬಲ್ಬಿನ ಕಂಬಿ, ಇಂಥ ದಪ್ಪ ವಸ್ತುಗಳನ್ನು ಪೆನ್ ಟೂಲ್‌ನಿಂದ ಸುತ್ತಿ, ಆಯ್ಕೆ ಮಾಡಿ, 0.5 ಪಿಕ್ಸೆಲ್ ಫೆದರ್ ಕೊಟ್ಟು ಮಾಸ್ಕಿನಲ್ಲಿ ಕಪ್ಪು ತುಂಬಿ. ಕರೆಂಟು ತಂತಿಗೆ ಈ ವಿಧಾನ ಒಗ್ಗುವುದಿಲ್ಲ. ಎರಡು ಮೂರು ಪಿಕ್ಸೆಲ್ ದಪ್ಪದ ತಂತಿಯ ಸುತ್ತ ಹಳೆಯ ಬೋರ್ಡಿನ ಬಣ್ಣದ ತೆಳು ಅಂಚು ಉಳಿದು ಹೋಗುತ್ತದೆ. ತಂತಿಯನ್ನು ಹೊಸದಾಗಿ ಬರೆಯುವುದೇ ಒಳ್ಳೆಯದು. ಗುಂಪಿನ ಮೇಲೆ ಹೊಸ ಲೇಯರ್ ತೆಗೆದು, ಗೋಡೆಯ ಮೇಲೆ ಹಾದುಹೋಗುವ ತಂತಿಯ ಬಣ್ಣವನ್ನು ಐಡ್ರಾಪರ್‌ನಿಂದ ಎತ್ತಿಕೊಂಡು, ತಂತಿಯ ಜೋಲಿಗೆ ತಕ್ಕಂತೆ ಪಾತ್ ಎಳೆದು, ಅಷ್ಟೇ ದಪ್ಪದ ಮೆದು ಬ್ರಷ್‌ನಿಂದ Stroke Path ಕೊಡಿ. ಬೋರ್ಡಿನ ಎರಡೂ ಬದಿಯಲ್ಲಿ ನಿಜದ ತಂತಿಗೆ ಅದು ಕೂಡಬೇಕು.

ಬೆಳಕು

ಕೂರಿಸಿದ ಬೋರ್ಡು ಸುಳ್ಳು ಎಂದು ಗೊತ್ತಾಗುವುದು ಹೆಚ್ಚಾಗಿ ಬಿಳಿಯಿಂದ. ಡಿಸೈನಿನ ಬಿಳಿ 255, ಆದರೆ ಮೋಡದ ಹೊತ್ತಿನ ಫೋಟೋದಲ್ಲಿ ಪಕ್ಕದ ಸುಣ್ಣದ ಗೋಡೆ 215ರ ಆಸುಪಾಸು ಇರುತ್ತದೆ. Info ಪ್ಯಾನೆಲ್ ತೆರೆದು ಹತ್ತಿರದ ಬಿಳಿ ವಸ್ತುವನ್ನೂ ಕಡುಗಪ್ಪು ನೆರಳನ್ನೂ ಓದಿಕೊಳ್ಳಿ. ಸ್ಮಾರ್ಟ್ ಆಬ್ಜೆಕ್ಟಿಗೆ ಮಾತ್ರ ತಗಲುವಂತೆ ಕ್ಲಿಪ್ ಮಾಡಿದ ಲೆವೆಲ್ಸ್ ಲೇಯರ್ ಹಾಕಿ, ಕೆಳಗಿನ Output Levels ಪಟ್ಟಿಯಲ್ಲಿ ಆ ಎರಡು ಸಂಖ್ಯೆಗಳನ್ನು ಕೊಡಿ. ಸಾಮಾನ್ಯವಾಗಿ 25 ಮತ್ತು 220ರ ಹತ್ತಿರ ಬರುತ್ತದೆ.

ಎರಡು ಮುಖಗಳಿಗೆ ಬೆಳಕು ಬೇರೆ ಬೇರೆ. ಓಣಿಯ ಕಡೆಯದು ಮಂಕಾಗಿಯೇ ಇರುತ್ತದೆ. ಗಿಡ್ಡ ಮುಖದ ಆಕಾರವನ್ನು ಆಯ್ಕೆ ಮಾಡಿ ಅದಕ್ಕಷ್ಟೇ ಒಂದು ಕರ್ವ್ಸ್ ಲೇಯರ್ ಹಾಕಿ, ಹಳೆಯ ಬೋರ್ಡಿನ ಎರಡು ಮುಖಗಳ ನಡುವೆ ಎಷ್ಟು ವ್ಯತ್ಯಾಸ ಇತ್ತೋ ಅಷ್ಟು ಇಳಿಸಿ. ಹಳೆಯದನ್ನು ನೋಡಲು ಗುಂಪಿನ ಕಣ್ಣು ಮುಚ್ಚಿ ತೆರೆದರಾಯಿತು. ಈ ಒಂದು ಹೆಜ್ಜೆಯಿಂದಲೇ ಮಡಿಕೆ ಮಡಿಕೆಯಾಗಿ ಕಾಣತೊಡಗುತ್ತದೆ. ಮಾಡಿನ ನೆರಳು ಬೋರ್ಡಿನ ಮೇಲಂಚಿಗೆ ಬೀಳುತ್ತಿದ್ದರೆ Multiply ಮೋಡಿನ ಲೇಯರಿನಲ್ಲಿ ಮೇಲಿಂದ ಕೆಳಕ್ಕೆ ಕರಗುವ ಗ್ರೇಡಿಯಂಟ್ ಹಾಕಿ. ಅದರ ಬಣ್ಣ ಕಪ್ಪಾಗಿರದೆ ಗೋಡೆಯ ನೆರಳಿನಿಂದ ಎತ್ತಿದ ನೀಲಿಬೂದು ಆಗಿರಲಿ.

ಕೊನೆಗೆ ಮೊನಚು. ಡಿಸೈನಿನ ಅಕ್ಷರ ಫೋಟೋದ ಯಾವ ವಸ್ತುವಿಗಿಂತಲೂ ಚೂಪಾಗಿರುತ್ತದೆ. ಸ್ಮಾರ್ಟ್ ಆಬ್ಜೆಕ್ಟಿಗೆ Gaussian Blur 0.5 ರಿಂದ 0.8 ಪಿಕ್ಸೆಲ್ ಕೊಡಿ. ಫಿಲ್ಟರ್‌ಗಳ ಪಟ್ಟಿಯಲ್ಲಿ ಅದು Perspective Warp ಮೇಲೆ ಇರಬೇಕು. ಫಿಲ್ಟರ್‌ಗಳು ಕೆಳಗಿನಿಂದ ಮೇಲಕ್ಕೆ ಕೆಲಸ ಮಾಡುತ್ತವೆ, ಬ್ಲರ್ ಕೆಳಗಿದ್ದರೆ ಮಸುಕು ಕೂಡ ದೂರದ ತುದಿಯಲ್ಲಿ ಕುಗ್ಗಿ ಹತ್ತಿರ ಹಿಗ್ಗುತ್ತದೆ. ಫೋಟೋದಲ್ಲಿ ಕಾಳುಕಾಳು ಇದ್ದರೆ 50% ಬೂದು ತುಂಬಿದ ಲೇಯರನ್ನು Overlay ಮೋಡಿನಲ್ಲಿ ಕ್ಲಿಪ್ ಮಾಡಿ, Add Noise ನಲ್ಲಿ Monochromatic ಗುರುತಿಟ್ಟು 2% ಇಂದ ಶುರು ಮಾಡಿ, ಗೋಡೆಯ ಕಾಳಿಗೆ ಹೊಂದುವವರೆಗೆ ಏರಿಸಿ. 100% ಗಾತ್ರದಲ್ಲೇ ನೋಡಿ ತೀರ್ಮಾನಿಸಿ. ಕುಗ್ಗಿಸಿ ನೋಡಿದರೆ ಕಾಳು ಕಾಣುವುದೇ ಇಲ್ಲ.

ಲ್ಯಾಪ್‌ಟಾಪ್ ಪರದೆಯಾದರೆ

ಇಲ್ಲಿ ಒಂದೇ ಮುಖ, ಮಡಿಕೆ ಇಲ್ಲ. ಹಾಗಾಗಿ ಪರ್ಸ್ಪೆಕ್ಟಿವ್ ವಾರ್ಪ್ ಬೇಕಿಲ್ಲ, ಸ್ಮಾರ್ಟ್ ಆಬ್ಜೆಕ್ಟಿನ ಮೇಲೆ Distort ಸಾಕು. ಪರದೆಯ ಅನುಪಾತ 16:9 ಅಥವಾ 16:10 ಎಂದು ಮೊದಲು ತಿಳಿದುಕೊಂಡು ಹಲಗೆಯನ್ನು ಅದೇ ಅನುಪಾತದಲ್ಲಿ ಮಾಡಿ. ಬೆಳಕಿನ ಲೆಕ್ಕ ಮಾತ್ರ ತಿರುಗುಮುರುಗು: ಬೋರ್ಡಿನ ಬಿಳಿಯನ್ನು ಇಳಿಸಿದೆವು, ಪರದೆಗೆ ತನ್ನದೇ ಬೆಳಕಿರುವುದರಿಂದ ಅದರ ಬಿಳಿಯನ್ನು ಹೆಚ್ಚು ಇಳಿಸಬಾರದು. ಸಾಧ್ಯವಿದ್ದರೆ ಪರದೆ ಆರಿಸಿಯೇ ಫೋಟೋ ತೆಗೆಯಿರಿ. ಕಪ್ಪು ಪರದೆಯ ಮೇಲೆ ಕಿಟಕಿಯ ಪ್ರತಿಫಲನ ಬಿದ್ದಿರುತ್ತದೆ. ಆ ಭಾಗವನ್ನು ನಕಲು ಮಾಡಿ ಹೊಸ ಚಿತ್ರದ ಮೇಲೆ Screen ಮೋಡಿನಲ್ಲಿ ಇಟ್ಟರೆ ಕಪ್ಪು ಮಾಯವಾಗಿ ಪ್ರತಿಫಲನ ಮಾತ್ರ ಉಳಿಯುತ್ತದೆ. ಚಿತ್ರ ಗಾಜಿನ ಒಳಗೆ ಕೂತಂತೆ ಕಾಣಲು ಇದಕ್ಕಿಂತ ಸುಲಭ ಉಪಾಯವಿಲ್ಲ.

ಡಿಸೈನ್ ಬದಲಾದಾಗ

ತೋರಿಸಿದ ಮೇಲೆ ಬದಲಾವಣೆ ಬರುವುದು ಖಂಡಿತ. ಹಸಿರು ಬೇಡ ಕೆಂಪು ಇರಲಿ, ಜೋನಿಬೆಲ್ಲದ ಚಿತ್ರ ದೊಡ್ಡದಾಗಲಿ. .psb ತೆರೆದು ಒಳಗಿನ ಲೇಯರ್ ಬದಲಿಸಿ Ctrl+S ಒತ್ತಿದರೆ ವಾರ್ಪ್, ತಂತಿ, ಬೆಳಕು ಎಲ್ಲ ಹಾಗೇ ಇದ್ದು ಡಿಸೈನ್ ಮಾತ್ರ ಬದಲಾಗುತ್ತದೆ. ಒಳಗಿನ ಕ್ಯಾನ್ವಾಸಿನ ಅಳತೆಯನ್ನು ಮಾತ್ರ ಬದಲಿಸಬೇಡಿ. 3600 × 600 ಇದ್ದದ್ದು ಕ್ರಾಪ್ ಆಗಿ 3580 ಆದರೂ ಪಿನ್‌ಗಳು ಹಳೆಯ ಜಾಗವನ್ನೇ ಹಿಡಿದಿರುವುದರಿಂದ ಬೋರ್ಡು ಮಡಿಕೆಯಿಂದ ಸರಿದು ಕೂರುತ್ತದೆ. Replace Contents ಬಳಸಿ ಪಿಡಿಎಫನ್ನು ನೇರವಾಗಿ ಬದಲಿಸುವುದೂ ಇದೇ ಕಾರಣಕ್ಕೆ ಅಪಾಯ. ಹೊಸ ಪಿಡಿಎಫ್ ಯಾವಾಗಲೂ .psb ಒಳಗೇ ಹೋಗಲಿ. ಸಂಶಯ ಬಂದರೆ ಮರೆಮಾಡಿಟ್ಟ ಜಾಲರಿಯನ್ನು ಮತ್ತೆ ಕಾಣಿಸಿ, ನೀಲಿ ಗೆರೆಗಳು ಇನ್ನೂ 628 ಮತ್ತು 305ರ ಮೇಲೇ ಇವೆಯೇ ನೋಡಿ.

ಅಂಗಡಿಯವರಿಗೆ ಕಳಿಸುವ ಜೆಪೆಗ್‌ನ ಮೂಲೆಯಲ್ಲಿ "ಮಾದರಿ ಚಿತ್ರ" ಎಂದು ಸಣ್ಣಗೆ ಬರೆಯಿರಿ. ಬೋರ್ಡು ಏರುವ ಮೊದಲೇ ಚಿತ್ರ ಊರೆಲ್ಲ ತಿರುಗಿ, ಹಾಕಿಯೇ ಆಯಿತು ಎಂದು ಜನ ತಿಳಿಯುವುದುಂಟು. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಹೋದರೆ ಅದು ಕುಗ್ಗಿ, ದೂರದ ತುದಿಯ ಅಕ್ಷರಗಳೇ ಮೊದಲು ಕರಗುತ್ತವೆ.